ಸಂಘದ ಸಾಲ: ಲೆಕ್ಕಕ್ಕೆ ಸಿಕ್ಕವರು ಯಾರು, ಬಿಟ್ಟುಹೋದವರು ಯಾರು?

ಪ್ರಶ್ನೆ: ಮೇಡಂ, ನಾನು ಅರ್ಥಶಾಸ್ತ್ರ ಎಂ.ಎ. ಎರಡನೇ ವರ್ಷ. ಡಿಸರ್ಟೇಶನ್‌ಗೆ ಬೆಂಗಳೂರಿನ ಲಗ್ಗೆರೆ ಕಡೆ ಸಂಘದ ಸಾಲ ತಗೊಂಡ ಹೆಂಗಸರ ಸರ್ವೆ ಮಾಡ್ತಿದ್ದೀನಿ. ಹೈದರಾಬಾದಿನಲ್ಲಿ ಸ್ಪಂದನ ಅನ್ನೋ ಮೈಕ್ರೊಫೈನಾನ್ಸ್ ಸಂಸ್ಥೆಯ ಸಾಲದ ಬಗ್ಗೆ ನಡೆದ ಅಧ್ಯಯನ ಓದಿದೆ. ಮೂರು ಡೌಟು. ಇಲ್ಲಿನ ಫೀಲ್ಡ್ ಆಫೀಸರ್ ಶೇ 98 ವಸೂಲಿ ಅಂತಾರೆ. ಹಾಗಂದ್ರೆ ಸಾಲದಿಂದ ಲಾಭ ಆಗಿದೆ ಅಂತ ತಾನೇ? ಮತ್ತೆ ಅಧ್ಯಯನದಲ್ಲಿ ಮಹಿಳಾ ಸಬಲೀಕರಣ ಯಾಕೆ ಕಾಣಲಿಲ್ಲ? ಸಾಲಗಾರರನ್ನ ಅವರು ಆರಿಸಿದ್ದು ಹೇಗೆ? ನಾನು ಮೂರು ವರ್ಷದ ಹಳೇ ಸದಸ್ಯರನ್ನ ಈಗ ಸೇರಿದವರ ಜೊತೆ ಹೋಲಿಸಬೇಕು ಅಂತಿದ್ದೀನಿ. ಸಾಕಾ?

ಉತ್ತರ: ಕೊನೆಯದರಿಂದ ಶುರು ಮಾಡೋಣ. ಆಯ್ಕೆಯ ಗಂಟು ಬಿಚ್ಚಿದರೆ ಉಳಿದೆರಡು ಅರ್ಧ ಬಿಚ್ಚಿಕೊಳ್ಳುತ್ತವೆ.

ಹೈದರಾಬಾದಿನಲ್ಲಿ ಸಂಶೋಧಕರು ಸಾಲಗಾರರನ್ನು ಆರಿಸಲೇ ಇಲ್ಲ. ಅವರು ಆರಿಸಿದ್ದು ಬಡಾವಣೆಗಳನ್ನು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ರಾಚೆಲ್ ಗ್ಲೆನರ್‌ಸ್ಟರ್, ಸಿಂಥಿಯಾ ಕಿನ್ನನ್ ಸೇರಿ ಮಾಡಿದ ಕೆಲಸ ಅದು. 2005ರಲ್ಲಿ ಶುರುವಾಗಿ 2015ರಲ್ಲಿ ಪ್ರಕಟವಾಯಿತು. ಸ್ಪಂದನ ಸಂಸ್ಥೆ ತಾನು ಶಾಖೆ ತೆರೆಯಲು ತಯಾರಿದ್ದ 120 ಬಡಾವಣೆಗಳನ್ನು ಗುರುತಿಸಿತ್ತು. ಅದರಲ್ಲಿ 16ನ್ನು ಕೈಬಿಟ್ಟರು, ಯಾಕಂದರೆ ಅಲ್ಲಿ ವಲಸೆ ಕೂಲಿಗಳ ಮನೆಗಳು ಜಾಸ್ತಿ ಇದ್ದವು. ಉಳಿದ 104ರಲ್ಲಿ ಒಂದನ್ನೊಂದು ಹೋಲುವ ಎರಡೆರಡನ್ನು ಜೋಡಿ ಮಾಡಿದರು. ಪ್ರತಿ ಜೋಡಿಯಲ್ಲಿ ಶಾಖೆ ಯಾವುದಕ್ಕೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. 52 ಬಡಾವಣೆಗೆ 2006-07ರಲ್ಲಿ ಶಾಖೆ ಬಂತು. ಇನ್ನುಳಿದ 52ಕ್ಕೆ ಆಗ ಬರಲಿಲ್ಲ.

ಶಾಖೆ ಬಂದ ಕಡೆ ಸಾಲ ಯಾರಿಗೆ ಅನ್ನುವುದನ್ನು ಸಂಸ್ಥೆಯ ನಿಯಮ ಮತ್ತು ಹೆಂಗಸರ ಸ್ವಂತ ಲೆಕ್ಕಾಚಾರ ನಿರ್ಧರಿಸಿದವು. ವಯಸ್ಸು 18ರಿಂದ 59ರ ಒಳಗಿರಬೇಕು. ಅದೇ ಏರಿಯಾದಲ್ಲಿ ಒಂದು ವರ್ಷವಾದರೂ ವಾಸ ಇರಬೇಕು. ಗುರುತಿನ ಚೀಟಿ ಬೇಕು. ಆರರಿಂದ ಹತ್ತು ಜನರ ಗುಂಪನ್ನು ಹೆಂಗಸರೇ ಕಟ್ಟಿಕೊಳ್ಳಬೇಕು. ಮತ್ತೆ, ಬಹಳ ಜನ ಓದದೆ ದಾಟಿಹೋಗುವ ಒಂದು ಸಾಲು: ಗುಂಪಿನಲ್ಲಿ ಶೇ 80ರಷ್ಟು ಹೆಂಗಸರಿಗೆ ಸ್ವಂತ ಮನೆ ಇರಬೇಕು.

ಈ ನಿಯಮವನ್ನು ಲಗ್ಗೆರೆಗೆ ತಂದು ನೋಡಿ. ನಿಮ್ಮ ಸರ್ವೆ ಬೀದಿಯಲ್ಲಿ ಒಂದು ಕಟ್ಟಡಕ್ಕೆ ಆರೇಳು ಬಾಡಿಗೆ ಮನೆ, ಎಲ್ಲೋ ಒಂದೆರಡು ಲೀಸು, ಮೇಲಿನ ಮಹಡಿಯಲ್ಲಿ ಓನರ್ ಒಬ್ಬರು. ಈ ಜರಡಿಯಲ್ಲಿ ಎಷ್ಟು ಗುಂಪು ಉಳಿಯುತ್ತಿದ್ದವು? ಇಲ್ಲಿ ಸಾಲ ಕೊಡುವ ಸಂಸ್ಥೆಗಳ ನಿಯಮ ಬೇರೆ ಇರಬಹುದು. ಆದರೆ ಜರಡಿ ಇಲ್ಲದ ಸಂಸ್ಥೆ ನಾನು ಕಂಡಿಲ್ಲ. ಮೀಟಿಂಗು ಬೆಳಿಗ್ಗೆ ಒಂಬತ್ತಕ್ಕೆ ಅಂತ ಇಟ್ಟರೆ ಸಾಕು, ಗಾರ್ಮೆಂಟ್ಸಿಗೆ ಹೋಗುವವಳು ಹೊರಗೆ ಉಳಿದಳು. ನಿಯಮದ ಪುಸ್ತಕದಲ್ಲಿ ಅದು ಎಲ್ಲೂ ಬರೆದಿರುವುದಿಲ್ಲ.

ಇದರ ಮೇಲೆ ಇನ್ನೊಂದು ಜರಡಿ, ಗುಂಪಿನದೇ. ಒಬ್ಬಳು ಕಟ್ಟದಿದ್ದರೆ ಉಳಿದವರು ಕೈಯಿಂದ ತುಂಬಬೇಕು. ಹಾಗಾಗಿ ಯಾರನ್ನು ಸೇರಿಸಿಕೊಳ್ಳಬೇಕು ಅಂತ ಹೆಂಗಸರು ಫೀಲ್ಡ್ ಆಫೀಸರಿಗಿಂತ ಕಟ್ಟುನಿಟ್ಟಾಗಿ ನೋಡುತ್ತಾರೆ. ಗಂಡ ಕುಡಿಯುತ್ತಾನಾ, ಅತ್ತೆಗೆ ಕಾಯಿಲೆಯಾ, ಕಳೆದ ಚೀಟಿಯಲ್ಲಿ ದುಡ್ಡು ಎತ್ತಿಕೊಂಡ ಮೇಲೆ ಕಂತು ಕಟ್ಟಲು ಸತಾಯಿಸಿದಳಾ, ಎಲ್ಲ ಅವರಿಗೆ ಗೊತ್ತು. ಕೊನೆಯ ಜರಡಿ ಅವಳದೇ ಮನಸ್ಸು. ಕೈಯಲ್ಲಿ ಏನೋ ಪ್ಲಾನ್ ಇರುವವಳು ಮುಂದೆ ಬರುತ್ತಾಳೆ. ಇಲ್ಲದವಳು ಯಾಕಪ್ಪಾ ಈ ವಾರದ ತಲೆನೋವು ಅಂತ ದೂರ ಉಳಿಯುತ್ತಾಳೆ.

ಇಷ್ಟೂ ಜರಡಿ ದಾಟಿ ಬಂದವರನ್ನು ದಾಟದವರ ಜೊತೆ ಹೋಲಿಸಿದರೆ ಏನು ಸಿಗುತ್ತದೆ? ಜರಡಿಯ ಗುಣ ಸಿಗುತ್ತದೆ. ಸಾಲದ ಗುಣ ಸಿಗುವುದಿಲ್ಲ. ಅದಕ್ಕೇ ಹೈದರಾಬಾದಿನವರು ಸಾಲ ತಗೊಂಡವರು, ತಗೊಳ್ಳದವರು ಅಂತ ಹೋಲಿಸಲಿಲ್ಲ. ಶಾಖೆ ಬಂದ ಬಡಾವಣೆಯ ಮನೆಗಳನ್ನು, ಸಾಲ ತಗೊಂಡಿರಲಿ ಬಿಡಲಿ, ಶಾಖೆ ಬಾರದ ಬಡಾವಣೆಯ ಅದೇ ಥರದ ಮನೆಗಳ ಜೊತೆ ಹೋಲಿಸಿದರು. ಆ ಮನೆಗಳೂ ಒಂದು ಬಗೆಯ ಮನೆಗಳೇ: ಕನಿಷ್ಠ ಮೂರು ವರ್ಷದಿಂದ ಅಲ್ಲೇ ಇರುವ, 18ರಿಂದ 55ರ ವಯಸ್ಸಿನ ಹೆಂಗಸೊಬ್ಬಳಾದರೂ ಇರುವ ಮನೆಗಳು. ಈ ಥರದ ಹೋಲಿಕೆಗೆ ಇಂಟೆನ್ಶನ್ ಟು ಟ್ರೀಟ್ ಅನ್ನುತ್ತಾರೆ. ಸಾಲ ಕೊಡಲು ಬಂದದ್ದರ ಪರಿಣಾಮ ಅಂತ ಓದಿಕೊಳ್ಳಿ. ಸಾಲ ತಗೊಂಡದ್ದರ ಪರಿಣಾಮ ಅಂತಲ್ಲ.

ಈ ಪ್ರಾಮಾಣಿಕತೆಗೆ ಒಂದು ಬೆಲೆ ಇದೆ. ಶಾಖೆ ಬಂದು ಒಂದೂಕಾಲು ವರ್ಷದ ಮೇಲೆ ಸುಮಾರು 6,850 ಮನೆಗಳಲ್ಲಿ ವಿಚಾರಿಸಿದಾಗ, ಶಾಖೆ ಬಂದ ಕಡೆ ಯಾವುದಾದರೂ ಮೈಕ್ರೊಫೈನಾನ್ಸ್ ಸಂಸ್ಥೆಯಿಂದ ಸಾಲ ಪಡೆದ ಮನೆಗಳು ಶೇ 26.7 ಇದ್ದವು. ಬಾರದ ಕಡೆ ಶೇ 18.3, ಯಾಕಂದರೆ ಬೇರೆ ಸಂಸ್ಥೆಗಳು ಅಲ್ಲಿಗೂ ಬಂದಿದ್ದವು. ವ್ಯತ್ಯಾಸ 8.4. ಅಂದರೆ ನೂರು ಮನೆಯಲ್ಲಿ ಎಂಟು ಮನೆಯ ಕಥೆಯಷ್ಟೇ ಬೇರೆ.

ಈಗ ಒಂದು ಲೆಕ್ಕ ಹಾಕಿ. ಸಾಲದಿಂದ ಆ ಎಂಟು ಮನೆಗಳಿಗೆ ತಿಂಗಳಿಗೆ ₹1,000 ಜಾಸ್ತಿ ಆದಾಯ ಬಂತು ಅಂತಿಟ್ಟುಕೊಳ್ಳಿ. ಬಡಾವಣೆಯ ಸರಾಸರಿಯಲ್ಲಿ ಅದು ಎಷ್ಟಾಗಿ ಕಾಣುತ್ತದೆ? ನೂರಕ್ಕೆ 8.4ರ ಲೆಕ್ಕದಲ್ಲಿ ₹84. ಒಂದು ತಿಂಗಳು ಆಟೊ ರಿಪೇರಿಗೆ ಬಂದರೆ ಅದಕ್ಕಿಂತ ಜಾಸ್ತಿ ಏರುಪೇರಾಗುತ್ತದೆ. ಆ ಗದ್ದಲದಲ್ಲಿ ₹84ನ್ನು ಕೇಳಿಸಿಕೊಳ್ಳಬೇಕು. ಸಾಲ ತಗೊಳ್ಳುವವರ ವ್ಯತ್ಯಾಸ ಹತ್ತನೇ ಒಂದು ಭಾಗಕ್ಕೆ ಇಳಿದರೆ, ಅದೇ ಖಚಿತತೆಗೆ ಸ್ಯಾಂಪಲ್ ನೂರು ಪಟ್ಟು ಬೇಕಾಗುತ್ತದೆ. ಆದ್ದರಿಂದ ‘ಪರಿಣಾಮ ಕಾಣಲಿಲ್ಲ’ ಅನ್ನುವುದನ್ನು ‘ಪರಿಣಾಮ ಇಲ್ಲ’ ಅಂತ ಓದಬೇಡಿ. ಪ್ರತಿ ಟೇಬಲ್ಲಿನಲ್ಲೂ ಅಂದಾಜಿನ ಕೆಳಗೆ ಕೊಟ್ಟಿರುವ ಸ್ಟ್ಯಾಂಡರ್ಡ್ ಎರರ್ ನೋಡಿ. ಎಷ್ಟು ದೊಡ್ಡ ಪರಿಣಾಮವನ್ನು ಆ ಅಧ್ಯಯನ ತಳ್ಳಿಹಾಕಬಲ್ಲದು, ಎಷ್ಟು ಚಿಕ್ಕದನ್ನು ತಳ್ಳಿಹಾಕಲಾರದು ಅಂತ ಅದೇ ಹೇಳುತ್ತದೆ.

ಎರಡನೇ ಸುತ್ತಿನ ಸರ್ವೆ ಇನ್ನೆರಡು ವರ್ಷ ಬಿಟ್ಟು ನಡೆಯಿತು. ಅಷ್ಟರಲ್ಲಿ ಸ್ಪಂದನ ಉಳಿದ 52 ಬಡಾವಣೆಗೂ ಹೋಗಿತ್ತು. ಸಾಲ ಪಡೆದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಆಗ ಹೋಲಿಕೆ ಮೊದಲೇ ಸಾಲ ಸಿಕ್ಕವರಿಗೂ ತಡವಾಗಿ ಸಿಕ್ಕವರಿಗೂ ನಡುವೆ ಆಯಿತು. ಆ ಸುತ್ತಿನ ಟೇಬಲ್ಲುಗಳನ್ನು ಸಾಲ ಇದ್ದವರು, ಇಲ್ಲದವರು ಅಂತ ಓದಿದರೆ ತಪ್ಪುತ್ತದೆ.

ಈಗ ನಿಮ್ಮ ಪ್ಲಾನಿಗೆ ಬರೋಣ. ಹಳಬರೂ ಸಾಲ ತಗೊಂಡವರೇ, ಹೊಸಬರೂ ತಗೊಂಡವರೇ, ಹಾಗಾಗಿ ಜರಡಿ ಎರಡೂ ಕಡೆ ಒಂದೇ ಅನ್ನುವುದು ನಿಮ್ಮ ಯೋಚನೆ ಇರಬೇಕು. ಚೆನ್ನಾಗಿದೆ. ಬಹಳ ಸಂಸ್ಥೆಗಳ ಇಂಪ್ಯಾಕ್ಟ್ ರಿಪೋರ್ಟುಗಳೂ ಹೀಗೇ ಇರುತ್ತವೆ. ಆದರೆ ಸೇರುವಾಗಿನ ಜರಡಿ ಒಂದಾದರೆ, ಸೇರಿದ ಮೇಲೆ ಉದುರಿಹೋಗುವ ಜರಡಿ ಇನ್ನೊಂದು. ಅದನ್ನು ನೀವು ಲೆಕ್ಕಕ್ಕೆ ತಗೊಂಡಿಲ್ಲ.

ಒಂದು ಕಾಲ್ಪನಿಕ ಸೆಂಟರ್ ತಗೊಳ್ಳಿ, ಅಂದರೆ ವಾರದ ಮೀಟಿಂಗಿಗೆ ಒಂದೇ ಕಡೆ ಸೇರುವ ಗುಂಪುಗಳ ಕೂಟ. ಮೂರು ವರ್ಷದ ಹಿಂದೆ ನೂರು ಹೆಂಗಸರು ಸೇರಿದರು. ಅದರಲ್ಲಿ 60 ಮನೆಗಳ ಆದಾಯ ತಿಂಗಳಿಗೆ ₹12,000, 40 ಮನೆಗಳದು ₹7,000. ನೂರು ಮನೆಗೆ ಸರಾಸರಿ ಸರಿಯಾಗಿ ₹10,000. ಸಾಲದಿಂದ ಯಾರಿಗೂ ಒಂದು ರೂಪಾಯಿ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ ಅಂತಿಟ್ಟುಕೊಳ್ಳಿ. ಆದರೆ ಆ 40 ಜನಕ್ಕೆ ವಾರದ ಕಂತು ಭಾರವಾಯಿತು. ಮೊದಲ ಸಾಲ ಹೇಗೋ ತೀರಿಸಿ ಬಿಟ್ಟುಹೋದರು. ಇವತ್ತು ನೀವು ಹೋದಾಗ ಹಳೇ ಸದಸ್ಯರು ಅಂತ ಸಿಗುವುದು ಉಳಿದ 60 ಜನ, ಸರಾಸರಿ ₹12,000. ಹೊಸದಾಗಿ ಸೇರಿದ ನೂರು ಜನ ಮೊದಲಿನವರ ಹಾಗೇ ಇದ್ದರೆ ಅವರ ಸರಾಸರಿ ₹10,000. ನಿಮ್ಮ ಡಿಸರ್ಟೇಶನ್ನಿನಲ್ಲಿ ಬರುವ ವಾಕ್ಯ: ಮೂರು ವರ್ಷದ ಸದಸ್ಯತ್ವದಿಂದ ಆದಾಯ ಶೇ 20 ಹೆಚ್ಚಿದೆ. ನಿಜವಾಗಿ ಆಗಿದ್ದು ಸೊನ್ನೆ.

ಇದನ್ನು ಸರಿಮಾಡುವ ದಾರಿ ಕಷ್ಟದ್ದು, ಆದರೆ ಇದೆ. ಸಂಸ್ಥೆಯ ಕಂಪ್ಯೂಟರಿನಲ್ಲಿರುವ ಇವತ್ತಿನ ಪಟ್ಟಿ ಬೇಡ. ಮೂರು ವರ್ಷದ ಹಿಂದಿನ ಸೆಂಟರ್ ರಿಜಿಸ್ಟರ್ ಕೇಳಿ. ಆಗ ಸಹಿ ಹಾಕಿದ ಪ್ರತಿಯೊಬ್ಬರೂ ನಿಮ್ಮ ಹಳೇ ಸದಸ್ಯರು, ಈಗ ಸಂಘದಲ್ಲಿ ಇರಲಿ ಬಿಡಲಿ. ಬಿಟ್ಟವರನ್ನು ಹುಡುಕಿ. ಎಲ್ಲರೂ ಸಿಗುವುದಿಲ್ಲ. ಬಾಡಿಗೆ ಮನೆ ಬದಲಿಸಿ ಅಂದ್ರಹಳ್ಳಿಗೋ ಹೆಗ್ಗನಹಳ್ಳಿಗೋ ಹೋಗಿರುತ್ತಾರೆ, ಊರಿಗೇ ವಾಪಸ್ ಹೋಗಿರುತ್ತಾರೆ. ನೂರರಲ್ಲಿ ಎಷ್ಟು ಜನ ಸಿಕ್ಕರು, ಸಿಗದವರು ಸೇರುವಾಗ ಹೇಗಿದ್ದರು ಅನ್ನುವುದನ್ನಾದರೂ ಬರೆಯಿರಿ. ಅಷ್ಟು ಬರೆದರೆ ಗೈಡ್ ಏನಂದರೂ ನಾನು ನಿಮ್ಮ ಕಡೆ.

ಸೇರುವಾಗಿನ ಆದಾಯ ಅಂತ ಅರ್ಜಿಯಲ್ಲಿ ಬರೆದಿರುವ ಅಂಕಿಯನ್ನು ಮಾತ್ರ ನಂಬಿಕೊಂಡು ಕೂರಬೇಡಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೊಫೈನಾನ್ಸ್ ಸಾಲ ಅಂದರೆ ವರ್ಷಕ್ಕೆ ₹3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡಮಾನ ಇಲ್ಲದೆ ಕೊಡುವ ಸಾಲ. ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಈಗ ಯೋಚಿಸಿ: ಆದಾಯ ಜಾಸ್ತಿ ಬರೆದರೆ ಮನೆಯೇ ಅರ್ಹತೆ ಕಳಕೊಳ್ಳುತ್ತದೆ, ಕಡಿಮೆ ಬರೆದರೆ ಸಾಲದ ಮೊತ್ತ ಇಳಿಯುತ್ತದೆ. ಬರೆಯುವ ಆಫೀಸರಿಗೂ ಬರೆಸುವ ಮನೆಗೂ ನಡುವಿನ ಒಂದು ಅಂಕಿ ಅನುಕೂಲ. ಅದು ಆದಾಯದ ಅಂಕಿ ಅಲ್ಲ, ಸಾಲ ಮಂಜೂರಾಗುವ ಅಂಕಿ.

ಇನ್ನು ಶೇ 98ರ ವಿಷಯ. ಈ ಅಂಕಿಯನ್ನು ಹೈದರಾಬಾದಿನ ಸಾಲದ ಮೇಲೇ ಬಿಡಿಸೋಣ. ಅಲ್ಲಿ ಮೊದಲ ಸಾಲ ₹10,000. ಐವತ್ತು ವಾರದಲ್ಲಿ ಅಸಲು ಬಡ್ಡಿ ಎರಡೂ ತೀರಬೇಕು. ಬಡ್ಡಿ ಶೇ 12, ಆದರೆ ಫ್ಲಾಟ್, ಉಳಿದ ಬಾಕಿಗಲ್ಲ, ಮೊದಲು ಕೊಟ್ಟ ಪೂರ್ತಿ ಮೊತ್ತಕ್ಕೇ ಲೆಕ್ಕ. ಅಂದರೆ ಬಡ್ಡಿ ₹1,200, ಒಟ್ಟು ₹11,200, ವಾರಕ್ಕೆ ₹224. ಆದರೆ ಅವಳ ಕೈಯಲ್ಲಿ ವರ್ಷವಿಡೀ ₹10,000 ಇರುವುದಿಲ್ಲ. ವಾರವಾರ ಅಸಲು ವಾಪಸ್ ಹೋಗುತ್ತಿರುತ್ತದೆ. ಸರಾಸರಿ ಲೆಕ್ಕದಲ್ಲಿ ಅವಳ ಹತ್ತಿರ ಇರುವುದು ಸುಮಾರು ₹5,000. ಐದು ಸಾವಿರಕ್ಕೆ ₹1,200 ಬಡ್ಡಿ ಅಂದರೆ ವರ್ಷಕ್ಕೆ ಶೇ 24. ಅಧ್ಯಯನದವರೂ ಇದನ್ನೇ ಹೇಳುತ್ತಾರೆ. ಇಷ್ಟಾದರೂ ಅದು ಅಗ್ಗವೇ. ಶಾಖೆ ಬರುವ ಮೊದಲು ಆ ಬಡಾವಣೆಗಳಲ್ಲಿ ಜನ ಕೊಡುತ್ತಿದ್ದದ್ದು ಸರಾಸರಿ ತಿಂಗಳಿಗೆ ನೂರಕ್ಕೆ 3 ರೂಪಾಯಿ 85 ಪೈಸೆ.

ಇದೇ ‘ಅರ್ಧ’ದ ತರ್ಕ ವಸೂಲಿಗೂ ಅನ್ವಯಿಸುತ್ತದೆ. ಕೊಟ್ಟ ಅಸಲಿನಲ್ಲಿ ಶೇ 98 ಬಂತು, ಶೇ 2 ಬರಲಿಲ್ಲ. ಹತ್ತು ಸಾವಿರಕ್ಕೆ ₹200 ಹೋಯಿತು. ಆದರೆ ಸಂಸ್ಥೆಯ ದುಡ್ಡು ಹೊರಗಿದ್ದದ್ದು ಸರಾಸರಿ ₹5,000 ಮಾತ್ರ. ಐದು ಸಾವಿರಕ್ಕೆ ₹200 ಅಂದರೆ ವರ್ಷಕ್ಕೆ ಶೇ 4 ನಷ್ಟ. ವಸೂಲಿ ಶೇ 90ಕ್ಕೆ ಇಳಿದರೆ ನಷ್ಟ ಶೇ 20. ಬ್ಯಾಂಕಿನವರು ಕೇಳಿದರೆ ಬೆಚ್ಚುವ ಅಂಕಿ ಅದು. ಕೇಳುವವರ ಕಿವಿಗೆ ಮಾತ್ರ 90 ಅಂದರೆ ಫಸ್ಟ್ ಕ್ಲಾಸ್. ವಾರದ ಸಾಲದಲ್ಲಿ 98ಕ್ಕೂ 90ಕ್ಕೂ ಇರುವ ಅಂತರ ಪರೀಕ್ಷೆಯ ಅಂಕಗಳ ಅಂತರ ಅಲ್ಲ.

ಅದಕ್ಕೇ ಆಫೀಸರ್ ಹೇಳಿದ ಶೇ 98 ಯಾವ 98 ಅಂತ ಮೊದಲು ಕೇಳಿ. ಈ ವಾರ ಬರಬೇಕಿದ್ದ ಕಂತಿನಲ್ಲಿ ಬಂದದ್ದಾ? ಅದರಲ್ಲಿ ಹಳೇ ಬಾಕಿ ಸೇರಿದೆಯಾ? ಇನ್ನು ಬರುವುದಿಲ್ಲ ಅಂತ ರೈಟ್ ಆಫ್ ಮಾಡಿದ ಸಾಲ ಪಟ್ಟಿಯಲ್ಲಿದೆಯಾ, ತೆಗೆದುಹಾಕಿದ್ದಾರಾ? 30 ದಿನಕ್ಕಿಂತ ಹಳೆಯ ಬಾಕಿ ಇರುವ ಸಾಲಗಳ ಮೊತ್ತ ಹೊರಗಿರುವ ಒಟ್ಟು ಸಾಲದಲ್ಲಿ ನೂರಕ್ಕೆ ಎಷ್ಟು, ಅಂದರೆ ಫೀಲ್ಡಿನಲ್ಲಿ ಪಾರ್ ಅನ್ನುತ್ತಾರಲ್ಲ, ಅದು ಎಷ್ಟು? ಈ ವರ್ಷ ಹೊಸ ಸಾಲ ಬಹಳ ಕೊಟ್ಟಿದ್ದರೆ ಪಾರ್ ಕೂಡ ಚೆಂದವಾಗಿ ಕಾಣುತ್ತದೆ. ನಿನ್ನೆ ಕೊಟ್ಟ ಸಾಲ ಇವತ್ತೇ ಬಾಕಿ ಬೀಳುವುದಿಲ್ಲವಲ್ಲ.

ಅಂಕಿ ನಿಜವೇ ಇರಲಿ. ಆದರೂ ಲಾಭ ಆಗಿದೆ ಅಂತ ಅರ್ಥವಲ್ಲ. ₹224 ಬಂದದ್ದು ಹೊಲಿಗೆ ಮೆಷಿನ್ನಿನಿಂದಲಾ, ಗಂಡನ ಕೂಲಿಯಿಂದಲಾ, ಪಕ್ಕದ ಮನೆ ಕೈಸಾಲದಿಂದಲಾ, ಇನ್ನೊಂದು ಸಂಘದಿಂದಲಾ, ಓಲೆ ಗಿರವಿ ಇಟ್ಟಾ? ರಿಜಿಸ್ಟರಿನಲ್ಲಿ ಎಲ್ಲಕ್ಕೂ ಒಂದೇ ಟಿಕ್ ಮಾರ್ಕ್. ಮೊದಲ ಕಂತು ಸಾಲ ಸಿಕ್ಕ ಮುಂದಿನ ವಾರಗಳಲ್ಲೇ ಶುರುವಾಗುತ್ತದೆ ಅನ್ನುವುದನ್ನು ಮರೆಯಬೇಡಿ. ಯಾವ ವ್ಯಾಪಾರ ಅಷ್ಟು ಬೇಗ ದುಡ್ಡು ಹುಟ್ಟಿಸುತ್ತದೆ? ಕೊಲ್ಕತ್ತಾದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು, 2013ರಲ್ಲಿ ಪ್ರಕಟವಾಯಿತು. ಕೆಲವು ಸಾಲಗಾರರಿಗೆ ಎಂದಿನ ಎರಡು ವಾರದ ಬದಲು ಎರಡು ತಿಂಗಳು ಬಿಟ್ಟು ಕಂತು ಶುರು ಮಾಡಿದರು. ಅವರು ವ್ಯಾಪಾರಕ್ಕೆ ಜಾಸ್ತಿ ಹಾಕಿದರು, ಮೂರು ವರ್ಷದ ಹೊತ್ತಿಗೆ ಅವರ ಲಾಭವೂ ಜಾಸ್ತಿ ಇತ್ತು. ಜೊತೆಗೆ ಸಾಲ ತೀರಿಸದವರ ಪ್ರಮಾಣ ಮೂರು ಪಟ್ಟಿಗಿಂತ ಜಾಸ್ತಿ ಆಯಿತು. ಅಂದರೆ ಲಾಭವೂ ವಸೂಲಿಯೂ ಎದುರುಬದುರು ದಿಕ್ಕಿಗೆ ಹೋದವು. ನಿಮ್ಮ ಮೊದಲ ಡೌಟಿಗೆ ನನ್ನ ಹತ್ತಿರ ಇದಕ್ಕಿಂತ ನೇರ ಉತ್ತರ ಇಲ್ಲ. ವಾರವಾರ ತಪ್ಪದೆ ಬರುವ ಕಂತು, ರಿಸ್ಕ್ ತಗೊಳ್ಳದ ವ್ಯಾಪಾರದ ಗುರುತೂ ಆಗಿರಬಹುದು.

ನಮ್ಮ ಕಡೆಯದೇ ಒಂದು ನೆನಪು ಬೇಕಾದರೆ 2009 ನೋಡಿ. ಕೋಲಾರ, ಶಿಡ್ಲಘಟ್ಟ, ರಾಮನಗರ ಕಡೆ ಸ್ಥಳೀಯ ಸಮುದಾಯ ಸಮಿತಿಗಳು ಕಂತು ಕಟ್ಟಬೇಡಿ ಅಂದವು. ಅಲ್ಲಿಯವರೆಗೆ ತಪ್ಪದೆ ಕಟ್ಟುತ್ತಿದ್ದ ಗುಂಪುಗಳು ದಿಢೀರನೆ ನಿಂತವು. ಆ ಹೆಂಗಸರ ವ್ಯಾಪಾರ ಒಂದು ವಾರದಲ್ಲಿ ಮುಳುಗಿಹೋಗಲಿಲ್ಲ. ಪಕ್ಕದವಳು ಕಟ್ಟುತ್ತಾಳೆ, ಕಟ್ಟಿದರೆ ಮುಂದಿನ ಸಾಲ ಸಿಗುತ್ತದೆ ಅನ್ನುವ ನಂಬಿಕೆ ಹೋಯಿತು ಅಷ್ಟೆ. ಕಂತಿನ ಅಂಕಿ ಹೆಚ್ಚಾಗಿ ಅಳೆಯುವುದು ಆ ನಂಬಿಕೆಯನ್ನೇ. ಅಂದ ಹಾಗೆ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯಲು ಕರ್ನಾಟಕದಲ್ಲಿ ಸುಗ್ರೀವಾಜ್ಞೆ ಬಂತು. ನಿಮ್ಮ ಡೇಟಾ ಆ ತಿಂಗಳಿನ ಆಚೆ ಈಚೆ ಎರಡೂ ಕಡೆ ಇದ್ದರೆ ಬೇರೆ ಬೇರೆ ಮಾಡಿ ನೋಡಿ.

ಸಬಲೀಕರಣದ ಪ್ರಶ್ನೆಗೆ ಮೊದಲು ನನ್ನದೇ ಒಂದು ಪೇಚಿನ ಕಥೆ. ಬಹಳ ವರ್ಷದ ಹಿಂದೆ ಪೀಣ್ಯ ಕಡೆ ಒಂದು ಸಂಸ್ಥೆಯ ಸದಸ್ಯರ ಸರ್ವೆ ಮಾಡುತ್ತಿದ್ದೆ. ಮನೆಮನೆ ಅಲೆಯುವ ಬದಲು ಸುಲಭ ಅಂತ ಸೆಂಟರ್ ಮೀಟಿಂಗಿನಲ್ಲೇ ಕೂತು ಫಾರ್ಮ್ ತುಂಬಿಸಿದೆ. ಮನೆಗೆ ಟಿ.ವಿ. ತರುವ ತೀರ್ಮಾನ ಯಾರದು? ‘ಇಬ್ಬರೂ ಕೂತು ಮಾತಾಡ್ತೀವಿ ಮೇಡಂ.’ ಮಗಳನ್ನು ಕಾಲೇಜಿಗೆ ಹಾಕುವುದು? ‘ಇಬ್ಬರೂ.’ ಸಾಲದ ದುಡ್ಡು ಖರ್ಚು ಮಾಡುವುದು? ‘ಇಬ್ಬರೂ.’ ನಲವತ್ತು ಫಾರ್ಮಿನಲ್ಲಿ ಹತ್ತಿರಹತ್ತಿರ ಒಂದೇ ಉತ್ತರ. ಖುಷಿಯಾಗಿ ಮನೆಗೆ ಬಂದೆ. ಆಮೇಲೆ ಹೊಳೆಯಿತು, ಸಾಲ ಕೊಡುವ ಹುಡುಗ ಮೂರಡಿ ದೂರದಲ್ಲಿ ಕೂತು ದುಡ್ಡು ಎಣಿಸುತ್ತಿದ್ದ. ಸಾಲ ಹೆಂಗಸಿನ ಕೈಯಲ್ಲೇ ಇರಬೇಕು ಅನ್ನುವುದು ಸಂಸ್ಥೆಯ ನಿಯಮ. ಗಂಡನಿಗೆ ಕೊಟ್ಟೆ ಅಂತ ಅಲ್ಲಿ ಯಾರು ಹೇಳುತ್ತಾರೆ? ಅದರಲ್ಲಿ ಹತ್ತು ಜನರ ಮನೆಗೆ ಆಮೇಲೆ ಹೋಗಿ ಕೂತೆ. ಆಗ ಕೇಳಿದ ಪ್ರಶ್ನೆ ಬೇರೆ: ಸಾಲ ಸಿಕ್ಕ ದಿನ ದುಡ್ಡು ಎಲ್ಲಿಟ್ಟಿರಿ, ಮಾರನೇ ದಿನ ಯಾರು ತಗೊಂಡು ಹೋದರು, ಏನು ತಂದರು? ಉತ್ತರಗಳೂ ಬೇರೆ ಬಂದವು. ಒಬ್ಬಾಕೆ ನಕ್ಕು, ‘ಎಲ್ಲಿಡೋದು ಮೇಡಂ, ಅವರು ಹೊರಗೆ ಗಾಡಿ ಸ್ಟಾರ್ಟ್ ಮಾಡ್ಕೊಂಡೇ ನಿಂತಿದ್ರು’ ಅಂದರು.

ಹೈದರಾಬಾದಿನವರು ಇಂಥ ತಪ್ಪು ಮಾಡಲಿಲ್ಲ. ಅವರದು ಮನೆಯಲ್ಲಿ ಕೂತು ಕೇಳಿದ ಸರ್ವೆ. ಮನೆಯ ಖರ್ಚು, ಹೂಡಿಕೆ, ಮಕ್ಕಳ ಓದು ಇಂಥ ತೀರ್ಮಾನಗಳಲ್ಲಿ ಹೆಂಗಸಿನ ಮಾತು ನಡೆಯುತ್ತದಾ ಅಂತ ಕೇಳಿದರು. ಆರೋಗ್ಯ, ಶಿಕ್ಷಣದ ಅಂಕಿಗಳನ್ನೂ ಸೇರಿಸಿ ಸೂಚ್ಯಂಕ ಮಾಡಿದರು. ಎರಡೂ ಕಡೆಯ ಬಡಾವಣೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆಯ ಒಟ್ಟು ಖರ್ಚು ಹೆಚ್ಚಲಿಲ್ಲ. ಬಾಳಿಕೆ ಬರುವ ಸಾಮಾನಿನ ಖರ್ಚು ಹೆಚ್ಚಿತು, ಬೀಡಿ, ಹೆಂಡ, ಹೊರಗಿನ ಟೀ ಥರದ್ದು ಇಳಿಯಿತು. ಮೊದಲೇ ವ್ಯಾಪಾರ ಇದ್ದವರು ಹೂಡಿಕೆ ಹೆಚ್ಚಿಸಿದರು. ಆದರೆ ಲಾಭ ಎದ್ದು ಕಾಣುವಷ್ಟು ಏರಿದ್ದು ತೀರಾ ಮೇಲಿನ ಕೆಲವರಿಗೆ ಮಾತ್ರ.

ಯಾಕೆ ಕಾಣಲಿಲ್ಲ ಅನ್ನುವುದಕ್ಕೆ ಮೊದಲ ಕಾರಣ ಆಗಲೇ ಹೇಳಿದೆ. ನೂರಕ್ಕೆ ಎಂಟು ಮನೆಯ ಬದಲಾವಣೆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಎರಡನೆಯದು ಸಮಯ. ಒಂದೂಕಾಲು ವರ್ಷದಲ್ಲಿ ಮನೆಯೊಳಗಿನ ಮಾತಿನ ತೂಕ ಬದಲಾಗಬೇಕು ಅನ್ನುವುದು ದೊಡ್ಡ ಆಸೆ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು: ಸಾಲ ಅವಳ ಹೆಸರಿನಲ್ಲಿದೆ, ದುಡ್ಡು ಎಲ್ಲಿದೆ? ಬಾಂಗ್ಲಾದೇಶದಲ್ಲಿ ಆನ್ ಮೇರಿ ಗೊಯೆಟ್ಜ್ ಮತ್ತು ರೀನಾ ಸೇನ್ ಗುಪ್ತಾ 1996ರಲ್ಲಿ ಇದನ್ನೇ ಕೆದಕಿದರು. ಸಾಲದ ಮೇಲೆ ಹೆಂಗಸಿನ ಹಿಡಿತವನ್ನು ಪೂರ್ತಿಯಿಂದ ಏನೂ ಇಲ್ಲ ಅನ್ನುವವರೆಗೆ ಐದು ಮೆಟ್ಟಿಲಾಗಿ ವಿಂಗಡಿಸಿದರು. ಬಹಳ ಸಾಲಗಳು ಕೆಳಗಿನ ಮೆಟ್ಟಿಲುಗಳಲ್ಲೇ ಸಿಕ್ಕವು. ಕಂತು ಕಟ್ಟುವ ಹೊಣೆ ಮಾತ್ರ ಅವಳದೇ.

ಆದರೆ ಇಲ್ಲಿಗೆ ನಿಂತರೆ, ಹೆಂಗಸರಿಗೆ ಸಾಲ ಕೊಟ್ಟರೆ ಗಂಡಸರ ಪಾಲು ಅಂತ ಸುಲಭಕ್ಕೆ ಬರೆದುಬಿಡುತ್ತೀರಿ. ಇನ್ನೊಂದು ಕಡೆಯೂ ಇದೆ. ಕೊಲ್ಕತ್ತಾದ ಅದೇ ಡೇಟಾ ಸೇರಿಸಿ ಭಾರತ, ಶ್ರೀಲಂಕಾ, ಘಾನಾದ ಪ್ರಯೋಗಗಳನ್ನು ಫೀಲ್ಡ್, ಪಾಂಡೆ ಮತ್ತು ಜೊತೆಗಾರರು 2019ರಲ್ಲಿ ಮತ್ತೆ ತೆರೆದು ನೋಡಿದರು. ಹೆಂಗಸರ ವ್ಯಾಪಾರಕ್ಕೆ ಬಂಡವಾಳ ಕೊಟ್ಟರೆ ಲಾಭ ಕಡಿಮೆ ಅಂತ ಮೊದಲು ಕಂಡಿತ್ತು. ಸೂಕ್ಷ್ಮವಾಗಿ ನೋಡಿದರೆ, ಆ ಬಂಡವಾಳ ಮನೆಯ ಇನ್ನೊಂದು ವ್ಯಾಪಾರಕ್ಕೆ, ಹೆಚ್ಚಾಗಿ ಗಂಡನದಕ್ಕೆ, ಹೋಗಿತ್ತು. ಇಡೀ ಮನೆಗೆ ಅವಳದೊಂದೇ ವ್ಯಾಪಾರ ಇದ್ದ ಕಡೆ ಹೆಂಗಸರು ಗಂಡಸರಿಗಿಂತ ಹಿಂದೆ ಬೀಳಲಿಲ್ಲ. ನಿಮ್ಮ ಫಾರ್ಮಿಗೆ ಇದರಿಂದ ಒಂದು ಕಾಲಂ ಸಿಗುತ್ತದೆ: ಈ ಮನೆಯಲ್ಲಿ ಒಟ್ಟು ಎಷ್ಟು ವ್ಯಾಪಾರ, ಯಾವುದು ಯಾರದು. ಗಂಡನಿಗೆ ತರಕಾರಿ ಗಾಡಿ ಇರುವ ಮನೆ, ಗಂಡ ಫ್ಯಾಕ್ಟರಿಗೆ ಹೋಗಿ ಹೆಂಡತಿ ಮಾತ್ರ ಬಾಗಿಲಲ್ಲಿ ಇಡ್ಲಿ ಹಾಕುವ ಮನೆ, ಇವೆರಡನ್ನು ಒಂದೇ ಸರಾಸರಿಗೆ ಸೇರಿಸಬೇಡಿ.

ಇನ್ನೊಂದು ಎಚ್ಚರಿಕೆ. ಸದಸ್ಯರು ಧೈರ್ಯವಾಗಿ ಮಾತಾಡುತ್ತಾರೆ, ಬ್ಯಾಂಕಿಗೆ ಒಬ್ಬರೇ ಹೋಗುತ್ತಾರೆ, ಸದಸ್ಯರಲ್ಲದವರು ಹೋಗುವುದಿಲ್ಲ ಅಂತ ನಿಮ್ಮ ಟೇಬಲ್ಲಿನಲ್ಲಿ ಬರುತ್ತದೆ. ಬಂದೇ ಬರುತ್ತದೆ. ಆದರೆ ಮನೆಯಿಂದ ಒಬ್ಬಳೇ ಹೊರಬರಬಲ್ಲವಳೇ ಅಲ್ವಾ ವಾರವಾರ ಮೀಟಿಂಗಿಗೆ ಬಂದು ಸದಸ್ಯೆ ಆಗಿದ್ದು? ಧೈರ್ಯ ಸಾಲಕ್ಕಿಂತ ಮೊದಲೇ ಇತ್ತು ಅನ್ನುವ ಸಾಧ್ಯತೆಯನ್ನು ಸದಸ್ಯರು, ಸದಸ್ಯರಲ್ಲದವರ ಹೋಲಿಕೆ ಎಂದೂ ಅಳಿಸಲಾರದು. ಸೇರುವ ಮೊದಲು ಏನು ಮಾಡುತ್ತಿದ್ದಿರಿ ಅಂತ ಈಗ ಕೇಳಿದರೂ ಪೂರ್ತಿ ಸರಿಹೋಗುವುದಿಲ್ಲ, ನೆನಪು ಈಗಿನ ಬಣ್ಣ ಹಚ್ಚಿಕೊಂಡು ಬರುತ್ತದೆ. ತಾರೀಕು ಇರುವ ಸಂಗತಿ ಕೇಳಿ: ಸ್ವಂತ ಹೆಸರಲ್ಲಿ ಅಕೌಂಟ್ ತೆರೆದದ್ದು ಯಾವಾಗ, ಸ್ವಂತ ನಂಬರಿನ ಫೋನ್ ಬಂದದ್ದು ಯಾವಾಗ. ಪಾಸ್‌ಬುಕ್ಕಿನಲ್ಲಿ ವರ್ಷ ಇರುತ್ತದೆ. ಸಾಲದ ಮೊದಲ ಕಾರ್ಡಿನಲ್ಲೂ ಇರುತ್ತದೆ. ಯಾವುದು ಮೊದಲು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನಿಮಗೆ ಹೈದರಾಬಾದಿನ ಹಾಗೆ 104 ಬಡಾವಣೆ ಸಿಗುವುದಿಲ್ಲ. ಒಬ್ಬರೇ ಇದ್ದೀರಿ, ಸಮಯವೂ ಕಡಿಮೆ. ಹಾಗಾಗಿ ಸಾಲದ ಪರಿಣಾಮ ಅನ್ನುವ ಪ್ರಶ್ನೆಯನ್ನೇ ಬಿಡಿ ಅನ್ನುವುದು ನನ್ನ ಸಲಹೆ. ಬದಲಿಗೆ ಎರಡು ಸೆಂಟರ್ ತಗೊಳ್ಳಿ. ಮೂರು ವರ್ಷದ ಹಿಂದಿನ ರಿಜಿಸ್ಟರ್ ಹಿಡಿದು ಹೊರಡಿ. ಯಾರು ಉಳಿದರು, ಯಾರು ಬಿಟ್ಟರು, ಬಿಟ್ಟವರ ಕೊನೆಯ ಹತ್ತು ಕಂತಿನ ದುಡ್ಡು ಎಲ್ಲಿಂದ ಬಂದಿತ್ತು ಅಂತ ಮನೆಗೆ ಹೋಗಿ ಕೇಳಿ. ಭಾನುವಾರ ಮಧ್ಯಾಹ್ನ ಹೋಗಿ, ಗಾರ್ಮೆಂಟ್ಸಿನವರು ಸಿಗುವುದು ಆಗಲೇ. ಫೀಲ್ಡ್ ಆಫೀಸರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ, ಅವರು ಎಷ್ಟೇ ಒಳ್ಳೆಯವರಾದರೂ.